ಹಗೇವಿನ ಲೆಕ್ಕ: ದುಬೈಯಿಂದ ಬಂದ ಒಂದು ಪತ್ರದ ಪ್ರಕರಣ

ಕಳೆದ ವರ್ಷ ಯುಗಾದಿ ಮುಗಿದ ವಾರ ಆಳಂದ ತಾಲ್ಲೂಕಿನ ನಮ್ಮ ಊರಿನಿಂದ ವೈನಿ ಫೋನ್ ಮಾಡಿದರು. ದುಬೈಯಲ್ಲಿರುವ ಮಗ ನಾಲ್ಕು ಪುಟ ಪತ್ರ ಬರೆದು, ಫೋಟೊ ತೆಗೆದು ಮೊಬೈಲಿಗೆ ಕಳುಹಿಸಿದ್ದಾನೆ. ಓದಿದಾಗಿನಿಂದ ಅಣ್ಣ ಸರಿಯಾಗಿ ಊಟ ಮಾಡಿಲ್ಲ. ಒಮ್ಮೆ ಬಂದು ಹೋಗಬೇಕು ಎಂದರು. ಅಣ್ಣ ನನ್ನ ದೊಡ್ಡಪ್ಪನ ಮಗ, ವೈನಿ ಅವನ ಹೆಂಡತಿ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿ ಕಲಬುರಗಿಯಲ್ಲಿದ್ದೇನೆ. ಹಣದ ವಿಷಯ ಬಂದಾಗ ಮನೆಯವರು ನನ್ನನ್ನು ಕರೆಯುವುದು ರೂಢಿ. ಅವರ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇದೆ.

ಮನೆಯ ಸ್ಥಿತಿ ಹೀಗಿತ್ತು. ಅಣ್ಣನಿಗೆ 63 ವರ್ಷ, ವೈನಿಗೆ 58. ಐದು ಎಕರೆ ಕಪ್ಪು ಮಣ್ಣಿನ ಹೊಲದಲ್ಲಿ ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. ಮಗ ದುಬೈಯಲ್ಲಿ ಕಟ್ಟಡಗಳ ನಿರ್ವಹಣೆಯ ಕಂಪನಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿ ಈಗ ಮೇಲ್ವಿಚಾರಕನಾಗಿದ್ದಾನೆ. ಮಗಳ ಮದುವೆ ಇನ್ನೂ ಆಗಬೇಕು. 2019ರ ಏಪ್ರಿಲ್‌ನಿಂದ ಮಗ ತಿಂಗಳಿಗೆ 40,000 ರೂಪಾಯಿಯಂತೆ ಅಪ್ಪನ ಖಾತೆಗೆ ಕಳುಹಿಸುತ್ತ ಬಂದಿದ್ದ. ಮನೆಯ ಖರ್ಚಿಗೆ 20,000 ಹೋಗುತ್ತಿತ್ತು, ಉಳಿದ 20,000 ಅಲ್ಲೇ ಕೂಡುತ್ತಿತ್ತು. ಆರು ವರ್ಷ ಕಳೆದ ಮೇಲೆ ಪಾಸ್‌ಬುಕ್ಕಿನಲ್ಲಿ ಹದಿನೈದು ಲಕ್ಷ ಅರವತ್ತು ಸಾವಿರದಷ್ಟು ಹಣ ಇತ್ತು. ಅದು ಪೂರ್ತಿ ಉಳಿತಾಯ ಖಾತೆಯಲ್ಲಿ, ಅಣ್ಣನೊಬ್ಬನ ಹೆಸರಿನಲ್ಲಿ, ನಾಮಿನಿ ಇಲ್ಲದೆ ಬಿದ್ದಿತ್ತು.

ಫೋನಿನಲ್ಲಿ ಮಾತನಾಡುವ ಬದಲು ಮಗ ಪತ್ರ ಬರೆದದ್ದಕ್ಕೆ ಕಾರಣವಿತ್ತು. ಹಣದ ಮಾತು ಎತ್ತಿದಾಗಲೆಲ್ಲ ಅಪ್ಪ, “ನಿನ್ನ ರೊಕ್ಕಕ್ಕೆ ನಾನು ಕೈ ಹಚ್ಚಿಲ್ಲ, ಪಾಸ್‌ಬುಕ್ ನೋಡಿಕೋ” ಎಂದು ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತಿದ್ದರು. ಮಗ ಲೆಕ್ಕ ಕೇಳುತ್ತಿದ್ದಾನೆ ಎಂಬ ನೋವು ಅವರಿಗೆ, ಲೆಕ್ಕ ಕೇಳುವುದು ತನ್ನ ಉದ್ದೇಶವೇ ಅಲ್ಲ ಎಂಬ ಸಂಕಟ ಇವನಿಗೆ. ಪತ್ರವನ್ನು ತಂಗಿ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ್ದಳು. ನಾನು ಹೋದಾಗ ಮೂರನೆಯ ಸಲ ಓದಿದಳು. ಅದರ ಮುಖ್ಯ ಭಾಗ ಇಲ್ಲಿದೆ.

“ತೀರ್ಥರೂಪ ಅಪ್ಪನವರಿಗೂ ಅವ್ವನಿಗೂ ನಿಮ್ಮ ಮಗನ ಶರಣು ಶರಣಾರ್ಥಿಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ.

ಅಪ್ಪಾ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆರು ವರ್ಷದಲ್ಲಿ ನೀವು ನನ್ನ ಹಣದಲ್ಲಿ ಒಂದು ರೂಪಾಯಿಯನ್ನೂ ವ್ಯರ್ಥ ಮಾಡಿಲ್ಲ. ಇಲ್ಲಿ ನನ್ನ ಕೋಣೆಯಲ್ಲಿರುವ ಬೇರೆಯವರ ಕಥೆ ಕೇಳಿದಾಗ ನಿಮ್ಮನ್ನು ನೆನೆದು ನನಗೆ ಹೆಮ್ಮೆಯಾಗುತ್ತದೆ. ನೀವು ಖರ್ಚು ಮಾಡಿದ್ದೀರಿ ಎಂದು ಈ ಪತ್ರ ಬರೆಯುತ್ತಿಲ್ಲ. ನೀವು ಮುಟ್ಟದೇ ಇಟ್ಟ ಹಣ ಅಲ್ಲೇ ಕುಳಿತು ಕರಗುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಆ ಖಾತೆಗೆ ಬ್ಯಾಂಕು ಕೊಡುವ ಬಡ್ಡಿ ನೂರಕ್ಕೆ ವರ್ಷಕ್ಕೆ ಎರಡು ಮುಕ್ಕಾಲು ರೂಪಾಯಿಯ ಆಸುಪಾಸು. ಪ್ರತಿ ತಿಂಗಳು ಉಳಿದ 20,000 ಸೇರಿ 72 ತಿಂಗಳಿಗೆ 14 ಲಕ್ಷ 40 ಸಾವಿರ ಆಗಿದೆ, ಬಡ್ಡಿ ಸೇರಿ ಈಗ ಸುಮಾರು 15 ಲಕ್ಷ 63 ಸಾವಿರ ಇದೆ. ನೋಡಿದರೆ ಬೆಳೆದ ಹಾಗೆ ಕಾಣುತ್ತದೆ. ಆದರೆ ಇದೇ ಆರು ವರ್ಷಗಳಲ್ಲಿ ಸಾಮಾನಿನ ಬೆಲೆ ವರ್ಷಕ್ಕೆ ಸರಾಸರಿ ನೂರಕ್ಕೆ ಐದಕ್ಕಿಂತ ಹೆಚ್ಚು ಏರಿದೆ. ಐದೇ ಎಂದು ಹಿಡಿದರೂ, ನಾನು ಕಳುಹಿಸಿದ ದಿನ ಆ ಹಣಕ್ಕೆ ಎಷ್ಟು ಸಾಮಾನು ಬರುತ್ತಿತ್ತೋ ಇವತ್ತೂ ಅಷ್ಟೇ ಬರಬೇಕಾದರೆ ಖಾತೆಯಲ್ಲಿ 16 ಲಕ್ಷ 75 ಸಾವಿರ ಇರಬೇಕಿತ್ತು. ಒಂದು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು ಕೊರತೆ ಬಿದ್ದಿದೆ. ಯಾರೂ ಕದ್ದಿಲ್ಲ, ಪಾಸ್‌ಬುಕ್ಕಿನಲ್ಲಿ ಎಲ್ಲಿಯೂ ಕಳೆದ ಹಾಗೆ ಬರೆದಿಲ್ಲ. ಆದರೆ ನಾನು ಎರಡೂ ಮುಕ್ಕಾಲು ತಿಂಗಳು ಮನೆಗೆ ಕಳುಹಿಸಿದ ಹಣ ಇಲ್ಲವಾಗಿದೆ. ಜೂನ್ ತಿಂಗಳಲ್ಲಿ ಕಟ್ಟಡದ ಮೇಲ್ಛಾವಣಿ ಹತ್ತಿ ಎಸಿ ಯಂತ್ರದ ತಂತಿ ಬಿಚ್ಚುವಾಗ ಸ್ಪ್ಯಾನರ್ ಕೈ ಸುಡುತ್ತದೆ, ಬಟ್ಟೆ ಸುತ್ತಿ ಹಿಡಿಯುತ್ತೇವೆ. ಆ ದುಡಿಮೆ ಅದು.

ಅದೇ 20,000ವನ್ನು ತಿಂಗಳು ತಿಂಗಳು ನೂರಕ್ಕೆ ಆರರಂತೆ ಆರ್‌ಡಿ ಕಟ್ಟಿದ್ದರೆ ಇವತ್ತು 17 ಲಕ್ಷ 28 ಸಾವಿರ ಆಗಿರುತ್ತಿತ್ತು. ಅದು ಶೇರು ಅಲ್ಲ, ಜೂಜೂ ಅಲ್ಲ. ಅದೇ ಬ್ಯಾಂಕು, ಅದೇ ಕಿಟಕಿ, ಒಂದು ಅರ್ಜಿ ಮಾತ್ರ ಬೇರೆ.

ನೀವು ಯಾಕೆ ಹೀಗೆ ಇಟ್ಟಿದ್ದೀರಿ ಎಂದು ನನಗೆ ಗೊತ್ತು ಅಪ್ಪಾ. 2017ರಲ್ಲಿ ಅವ್ವನಿಗೆ ಆಪರೇಷನ್ ಆದಾಗ ಮನೆಯಲ್ಲಿ ಹಣ ಇರಲಿಲ್ಲ. ನೀವು ರಾತ್ರಿ ಹೋಗಿ ನೂರಕ್ಕೆ ಮೂರರ ಬಡ್ಡಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ತಂದಿರಿ. ತಿಂಗಳಿಗೆ 3,600 ಬಡ್ಡಿ. ಜೋಡೆತ್ತು ಮಾರಿದ ದಿನ ನೀವು ಸಂತೆಯಿಂದ ಬಂದು ಹಗ್ಗವನ್ನು ಗೂಟಕ್ಕೆ ನೇತುಹಾಕಿದ್ದು ನನ್ನ ಕಣ್ಣ ಮುಂದೆ ಇದೆ. ನಾನು ಇಲ್ಲಿಗೆ ಬಂದದ್ದೇ ಅದಕ್ಕೆ. ಮತ್ತೆಂದೂ ಕೈ ಖಾಲಿ ಇರಬಾರದು ಎಂದು ನೀವು ನಿರ್ಧರಿಸಿದಿರಿ. ಅದು ತಪ್ಪಲ್ಲ. ಆದರೆ ಅಂಥ ದಿನಕ್ಕೆ ಬೇಕಾಗುವುದು ಎಷ್ಟು? ಎರಡು ಲಕ್ಷ, ಮೂರು ಲಕ್ಷ, ಹೆಚ್ಚೆಂದರೆ ಐದು. ಅದಕ್ಕಾಗಿ ಹದಿನೈದೂವರೆ ಲಕ್ಷವನ್ನು ಬಾಗಿಲಲ್ಲೇ ನಿಲ್ಲಿಸಬೇಕಿಲ್ಲ.

ಅಜ್ಜ ಜೋಳ ಕೂಡಿಡಲು ನೆಲದೊಳಗೆ ಹಗೇವು ತೆಗೆಸುತ್ತಿದ್ದುದು ನಿಮಗೆ ನೆನಪಿದೆ, ನನಗೂ ಅರೆಬರೆ ನೆನಪು. ಮನೆಯ ಎಲ್ಲ ಜೋಳವನ್ನೂ ಅವರು ಹಗೇವಿಗೆ ಹಾಕುತ್ತಿರಲಿಲ್ಲ. ಎರಡು ಮೂರು ತಿಂಗಳಿಗೆ ಬೇಕಾದದ್ದನ್ನು ಚೀಲದಲ್ಲಿ ಒಳಮನೆಯಲ್ಲಿ ಇಡುತ್ತಿದ್ದರು. ಹಗೇವಿಗೆ ಹಾಕಿದ್ದನ್ನು ಮುಚ್ಚಿ ಮಣ್ಣು ಮೆತ್ತಿ ಮರೆತುಬಿಡುತ್ತಿದ್ದರು. ಎಲ್ಲ ಜೋಳವನ್ನೂ ಒಳಮನೆಯಲ್ಲಿಟ್ಟರೆ ನುಸಿ ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಈಗ ನಮ್ಮ ಮನೆಯ ಎಲ್ಲ ಜೋಳವೂ ಒಳಮನೆಯಲ್ಲಿದೆ.

ಅವ್ವಾ, ನೀನು ಚಿನ್ನ ಕೊಳ್ಳೋಣ ಎಂದಾಗಲೆಲ್ಲ ನಾನು ಬೇಡ ಎಂದೆ. 2019ರಲ್ಲಿ ಹತ್ತು ಗ್ರಾಮಿಗೆ 32 ಸಾವಿರದ ಹತ್ತಿರ ಇದ್ದದ್ದು ಈಗ 90 ಸಾವಿರ ದಾಟಿದೆ. ನಿನ್ನ ಮಾತು ಕೇಳಬೇಕಿತ್ತು. ಆದರೆ 2012ರಲ್ಲಿ 31 ಸಾವಿರದ ಆಸುಪಾಸು ಇದ್ದ ಚಿನ್ನ 2018ರಲ್ಲೂ ಹತ್ತಿರ ಹತ್ತಿರ ಅಷ್ಟೇ ಇತ್ತು ಎಂಬುದನ್ನೂ ನೆನಪಿಡು. ಆರು ವರ್ಷ ಮಲಗುತ್ತದೆ, ಆರು ವರ್ಷ ಓಡುತ್ತದೆ. ಯಾವಾಗ ಏನು ಮಾಡುತ್ತದೆ ಎಂದು ನನಗೆ ತಿಳಿಯದು.

ನನ್ನ ಕೋರಿಕೆ ಇಷ್ಟೇ. ಕಾಕಾ ಅವರನ್ನು ಕರೆಸಿ ಒಂದು ದಿನ ಕುಳಿತುಕೊಳ್ಳಿ. ಬೇಗ ಬೇಕಾಗುವುದೆಷ್ಟು, ವರ್ಷದ ನಂತರ ಬೇಕಾಗುವುದೆಷ್ಟು, ಬೇಡವೇ ಬೇಡದ್ದೆಷ್ಟು ಎಂದು ಮೂರು ಪಾಲು ಮಾಡಿ. ಉಳಿದರೆ ಪಕ್ಕದ ಎರಡು ಎಕರೆ ಹೊಲವನ್ನು ನನ್ನ ಹೆಸರಿಗೆ ಖರೀದಿ ಮಾಡಿದರೂ ಸರಿ. ನೀವು ಏನು ಮಾಡಿದರೂ ನನಗೆ ಒಪ್ಪಿಗೆ. ಸುಮ್ಮನೆ ಮಾತ್ರ ಬಿಡಬೇಡಿ.”

ಓದು ಮುಗಿದಾಗ ಅಣ್ಣ ಮೇಲಿನ ತೊಲೆಯನ್ನು ನೋಡುತ್ತ ಕುಳಿತಿದ್ದ. “ಎತ್ತಿನ ಹಗ್ಗ ಅವನಿಗೆ ನೆನಪಿದೆ ನೋಡು” ಎಂದ, ಅಷ್ಟೇ. ಪತ್ರದ ಲೆಕ್ಕಗಳಿಗಿಂತ ಆ ಒಂದು ಸಾಲು ಅವನ ಮನಸ್ಸನ್ನು ತಿರುಗಿಸಿತ್ತು. ಬ್ಯಾಂಕಿನಲ್ಲಿದ್ದಾಗ ಇಂಥ ಎಷ್ಟೋ ಮನೆಗಳನ್ನು ಕಂಡಿದ್ದೇನೆ. ಹಿರಿಯರು ಹಣವನ್ನು ಸುಮ್ಮನೆ ಇಡುವುದು ತಿಳಿಯದೆ ಅಲ್ಲ, ಯಾವುದೋ ಒಂದು ಕೆಟ್ಟ ರಾತ್ರಿಯನ್ನು ಕಂಡಿರುವುದರಿಂದ. ಆ ರಾತ್ರಿಗೆ ಉತ್ತರ ಕೊಡದೆ ಬಡ್ಡಿಯ ದರ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಪತ್ರದಲ್ಲಿ ಒಂದು ತಪ್ಪು ಇತ್ತು, ಅದನ್ನು ಅಲ್ಲೇ ಹೇಳಿದೆ. ಮಗ ಈಗ ಅನಿವಾಸಿ ಭಾರತೀಯ. ವಿದೇಶಿ ವಿನಿಮಯ ನಿರ್ವಹಣೆಯ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರು ಮನೆ, ನಿವೇಶನ ಕೊಳ್ಳಬಹುದು. ಕೃಷಿ ಭೂಮಿ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ತಂದೆಯಿಂದ ವಾರಸಾ ಹಕ್ಕಿನಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ. ಆ ಎರಡು ಎಕರೆಯನ್ನು ಮಗನ ಹೆಸರಿಗೆ ನೋಂದಣಿ ಮಾಡಿಸಿದ್ದರೆ ಮುಂದೆ ದೊಡ್ಡ ತೊಡಕಾಗುತ್ತಿತ್ತು. ಅಣ್ಣ ತನ್ನ ಹೆಸರಿಗೆ ಕೊಳ್ಳಬಹುದಿತ್ತು. ಆದರೆ ಇರುವ ಐದು ಎಕರೆಗೇ ಆಳು ಸಿಗುವುದು ಕಷ್ಟವಾಗಿದೆ ಎಂದು ಅವನೇ ಬೇಡವೆಂದ.

ಇದರಿಂದಲೇ ಇನ್ನೊಂದು ಪ್ರಶ್ನೆ ಎದ್ದಿತು. ಅಪ್ಪನ ಖಾತೆಯಲ್ಲಿರುವ ಈ ಹಣ ಯಾರದು? ಮಗ ತಂದೆಗೆ ಕಳುಹಿಸಿದ ಹಣ ಕಾನೂನಿನ ಕಣ್ಣಿನಲ್ಲಿ ಉಡುಗೊರೆ. ಹತ್ತಿರದ ಸಂಬಂಧಿಯಿಂದ ಬಂದದ್ದಾದ್ದರಿಂದ ಅದಕ್ಕೆ ತೆರಿಗೆ ಇಲ್ಲ. ಕೊಟ್ಟ ಮೇಲೆ ಅದು ತಂದೆಯದೇ ಹಣ, ಅದರ ಬಡ್ಡಿ ತಂದೆಯದೇ ಆದಾಯ. ಹೀಗಾಗಿ ಅಣ್ಣ ತನ್ನ ವಯಸ್ಸಿಗೆ ಸಿಗುವ ಯೋಜನೆಗಳಲ್ಲಿ ಇದನ್ನು ಧಾರಾಳವಾಗಿ ತೊಡಗಿಸಬಹುದಿತ್ತು. ಮಗ ಸ್ವತಃ ಆ ಯೋಜನೆಗಳಿಗೆ ಸೇರುವಂತಿಲ್ಲ, ಅನಿವಾಸಿಗಳಿಗೆ ಅಂಚೆ ಕಚೇರಿಯ ಸಣ್ಣ ಉಳಿತಾಯ ಯೋಜನೆಗಳು ತೆರೆದಿಲ್ಲ. ಆರು ವರ್ಷದ ಹಣ ತಂದೆಯ ಹೆಸರಿನಲ್ಲಿದ್ದದ್ದು ಈ ಒಂದು ವಿಷಯದಲ್ಲಿ ಒಳ್ಳೆಯದೇ ಆಯಿತು.

ಮಧ್ಯಾಹ್ನ ಊಟವಾದ ಮೇಲೆ ಹಂಚಿಕೆಗೆ ಕುಳಿತೆವು. ಮೊದಲು ಆಪರೇಷನ್ನಿನ ರಾತ್ರಿಯಿಂದ ಆರಂಭಿಸಿದೆ. “ಇವತ್ತು ರಾತ್ರಿ ಹನ್ನೊಂದಕ್ಕೆ ವೈನಿಗೆ ಹೊಟ್ಟೆನೋವು ಬಂದರೆ ಈ ಹದಿನೈದೂವರೆ ಲಕ್ಷದಲ್ಲಿ ನಿನ್ನ ಕೈಗೆ ಎಷ್ಟು ಬರುತ್ತದೆ?” ಎಂದು ಅಣ್ಣನನ್ನು ಕೇಳಿದೆ. ಎಟಿಎಂನಿಂದ ದಿನಕ್ಕೆ ತೆಗೆಯಲು ಮಿತಿ ಇದೆ. ಬ್ಯಾಂಕು ತೆರೆಯುವುದು ಬೆಳಿಗ್ಗೆ. ಹೊಟ್ಟೆನೋವು ಬಂದದ್ದು ಅಣ್ಣನಿಗೇ ಆದರೆ? ಖಾತೆ ಅವನೊಬ್ಬನದು, ಕಾರ್ಡಿನ ಗುಟ್ಟಿನ ಸಂಖ್ಯೆ ಅವನೊಬ್ಬನಿಗೆ ಗೊತ್ತು. ವೈನಿಯ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಅಣ್ಣನಿಗೆ ಇದು ಹೊಳೆದಿರಲೇ ಇಲ್ಲ. ಕೈಯಳತೆಯಲ್ಲಿದೆ ಎಂದು ಅವನು ನಂಬಿದ್ದ ಹಣ ಕೈಯಳತೆಯಲ್ಲಿ ಇರಲಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೊದಲು ಖಾತೆಗೆ ವೈನಿಯ ಹೆಸರು ಸೇರಿಸಿದೆವು. ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ವ್ಯವಹರಿಸಬಹುದು ಎಂಬ ನಮೂನೆಯಲ್ಲಿ ಸೇರಿಸಿ, ವೈನಿಗೆ ಬೇರೆ ಕಾರ್ಡ್ ಮಾಡಿಸಿ, ಮಗಳನ್ನು ನಾಮಿನಿ ಮಾಡಿದೆವು. ಬಡ್ಡಿಯ ಮಾತು ಬಂದದ್ದು ಇದಾದ ಮೇಲೆ.

ಉಳಿತಾಯ ಖಾತೆಯಲ್ಲಿ 1 ಲಕ್ಷ 60 ಸಾವಿರ ಉಳಿಸಿದೆವು. ಮೂರು ತಿಂಗಳ ಮನೆಖರ್ಚು 60,000, ಆಸ್ಪತ್ರೆಗೆ ಸೇರಿಸುವ ದಿನಕ್ಕೆ ಒಂದು ಲಕ್ಷ. ಇದು ಒಳಮನೆಯ ಚೀಲ, ಇದಕ್ಕೆ ಬಡ್ಡಿ ಕಡಿಮೆಯಾದರೂ ಚಿಂತೆಯಿಲ್ಲ.

ಆಸ್ಪತ್ರೆಯ ಮುಂದಿನ ದಿನಗಳಿಗೆ ಮತ್ತು ಮಗಳ ಮದುವೆಗೆ ಒಟ್ಟು ಐದು ಲಕ್ಷವನ್ನು ನಿಶ್ಚಿತ ಠೇವಣಿ ಇಡುವುದೆಂದಾಯಿತು. ಅಣ್ಣ ಐದು ಲಕ್ಷದ ಒಂದೇ ಠೇವಣಿ ಎಂದ. ಆಗ ಮಗನ ಹಗೇವಿನ ಮಾತೇ ನನ್ನ ಉಪಯೋಗಕ್ಕೆ ಬಂತು. ಹಗೇವನ್ನು ಒಮ್ಮೆ ತೆರೆದರೆ ಒಳಗೆ ಗಾಳಿ, ತೇವ ಸೇರುತ್ತದೆ. ಅರ್ಧ ತೆಗೆದು ಅರ್ಧ ಬಿಡಲು ಬರುವುದಿಲ್ಲ, ಎಲ್ಲ ಜೋಳವನ್ನೂ ಮೇಲೆ ತರಬೇಕು. ದೊಡ್ಡ ಠೇವಣಿಯೂ ಸಾಮಾನ್ಯವಾಗಿ ಹಾಗೆಯೇ. ಒಂದು ಲಕ್ಷ ಬೇಕೆಂದು ಐದು ಲಕ್ಷದ ಠೇವಣಿ ಮುರಿದರೆ ಐದೂ ಲಕ್ಷದ ಬಡ್ಡಿ ಕಡಿಮೆಯಾಗುತ್ತದೆ, ಅವಧಿಗೆ ಮುಂಚೆ ಮುರಿದದ್ದಕ್ಕೆ ಬ್ಯಾಂಕುಗಳು ಅರ್ಧದಿಂದ ಒಂದು ಶೇಕಡಾದವರೆಗೆ ಕಡಿತ ಮಾಡುತ್ತವೆ. ಒಂದು ಲಕ್ಷದ ಐದು ಠೇವಣಿ ಇದ್ದರೆ ಬೇಕಾದ ಒಂದನ್ನು ಮಾತ್ರ ಮುರಿದು ಉಳಿದ ನಾಲ್ಕನ್ನು ಮುಟ್ಟದೆ ಬಿಡಬಹುದು. ನಾಲ್ಕು ಆಸ್ಪತ್ರೆಗೆ, ಒಂದು ಮದುವೆಗೆ ಎಂದು ಗುರುತು ಮಾಡಿದೆವು. ಆಗ ಹಿರಿಯ ನಾಗರಿಕರಿಗೆ ವರ್ಷದ ಠೇವಣಿಗೆ ಬಡ್ಡಿ ಶೇಕಡಾ 7ರ ಆಸುಪಾಸಿನಲ್ಲಿತ್ತು.

ಐದನ್ನೂ ಒಂದೇ ಬ್ಯಾಂಕಿನಲ್ಲಿ ಇಡಲಿಲ್ಲ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ಸಿಗುತ್ತದೆ. 2020ರ ಫೆಬ್ರವರಿಗಿಂತ ಮುಂಚೆ ಅದು ಒಂದೇ ಲಕ್ಷ ಇತ್ತು. ಅಣ್ಣನ ಹಳೆಯ ಖಾತೆಯಲ್ಲಿದ್ದ ಹದಿನೈದೂವರೆ ಲಕ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಈ ರಕ್ಷಣೆಯ ಹೊರಗಿತ್ತು. ಅದು ದೊಡ್ಡ ಸರ್ಕಾರಿ ಬ್ಯಾಂಕು, ಮುಳುಗುವ ಭಯ ನನಗೂ ಇರಲಿಲ್ಲ. ಆದರೂ ಸುಲಭವಾಗಿ ಒಳಗೆ ತರಬಹುದಾದದ್ದನ್ನು ಹೊರಗೆ ಬಿಡುವುದೇಕೆ? ಮೂರು ಠೇವಣಿ ಅಲ್ಲೇ, ಎರಡು ಆಳಂದದ ಇನ್ನೊಂದು ಬ್ಯಾಂಕಿನಲ್ಲಿ ಎಂದು ಬರೆದುಕೊಂಡೆವು.

ಎಂಟು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. 60 ವರ್ಷ ತುಂಬಿದವರಿಗೆ ಇದು ತೆರೆದಿದೆ, ಗರಿಷ್ಠ 30 ಲಕ್ಷ, ಅವಧಿ ಐದು ವರ್ಷ. ಖಾತೆ ತೆರೆದಾಗಿನ ಬಡ್ಡಿದರವೇ ಐದೂ ವರ್ಷ ನಡೆಯುತ್ತದೆ. ಆಗ ಅದು ಶೇಕಡಾ 8.2. ಎಂಟು ಲಕ್ಷಕ್ಕೆ ವರ್ಷಕ್ಕೆ 65,600, ಮೂರು ತಿಂಗಳಿಗೊಮ್ಮೆ 16,400 ಕೈಗೆ ಬರುತ್ತದೆ. ಗಂಡ ಹೆಂಡತಿ ಜಂಟಿಯಾಗಿ ತೆರೆಯಬಹುದು, ಜಂಟಿಯವರ ವಯಸ್ಸು ಅಡ್ಡಿಯಲ್ಲ. ಹೀಗಾಗಿ 58ರ ವೈನಿಯ ಹೆಸರೂ ಸೇರಿತು. ಇದರ ಇನ್ನೊಂದು ಮುಖವನ್ನೂ ಅಣ್ಣನಿಗೆ ಬಿಡಿಸಿ ಹೇಳಿದೆ. ವರ್ಷದೊಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೆಲ್ಲ ಅಸಲಿನಿಂದ ಮುರಿದುಕೊಳ್ಳುತ್ತಾರೆ; ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಒಂದೂವರೆ ಶೇಕಡಾ, ಅಂದರೆ 12,000 ಹೋಗುತ್ತದೆ; ಆಮೇಲೆ ಒಂದು ಶೇಕಡಾ, 8,000. ಇದು ಮಣ್ಣು ಮೆತ್ತಿ ಮುಚ್ಚುವ ಹಗೇವು. ಠೇವಣಿಗಳೆಲ್ಲ ಮುಗಿದ ಮೇಲೆ ಮಾತ್ರ ಮುಟ್ಟಬೇಕು.

ಉಳಿದದ್ದು ಒಂದು ಲಕ್ಷ. ವೈನಿ ಅಲ್ಲಿಯವರೆಗೆ ಸುಮ್ಮನಿದ್ದವರು, “ಮದುವೆಗೆ ಬೇಕಾದದ್ದು ಚಿನ್ನವೇ. ಅದನ್ನು ರೊಕ್ಕವಾಗಿ ಇಟ್ಟು, ಮದುವೆ ಬಂದಾಗ ಏರಿದ ಧಾರಣೆಗೆ ಕೊಳ್ಳುವುದೇಕೆ?” ಎಂದರು. ಇದಕ್ಕೆ ನನ್ನ ಹತ್ತಿರ ಎದುರು ಮಾತು ಇರಲಿಲ್ಲ. ಲಾಭಕ್ಕಾಗಿ ಚಿನ್ನ ಕೊಳ್ಳುವುದು ಬೇರೆ, ಎರಡು ವರ್ಷದಲ್ಲಿ ಖಂಡಿತ ಕೊಳ್ಳಲೇಬೇಕಾದ ಚಿನ್ನವನ್ನು ಸ್ವಲ್ಪ ಮುಂಚೆ ಕೊಂಡಿಡುವುದು ಬೇರೆ. ಒಡವೆ ಮಾತ್ರ ಬೇಡ, ಹಾಲ್‌ಮಾರ್ಕ್ ಇರುವ ನಾಣ್ಯ ಕೊಳ್ಳಿ ಎಂದೆ. ಒಡವೆಗೆ ಕೊಟ್ಟ ಮಜೂರಿ ತಿರುಗಿ ಬರುವುದಿಲ್ಲ, ಮದುವೆಯ ಹೊತ್ತಿಗೆ ಹುಡುಗಿಯ ಇಷ್ಟವೂ ಬದಲಾಗಿರುತ್ತದೆ.

ಕಾಗದದ ಮೇಲೆ ಒಂದು ಮಧ್ಯಾಹ್ನದಲ್ಲಿ ಮುಗಿದದ್ದು ಕಚೇರಿಗಳಲ್ಲಿ ಒಂದೂವರೆ ತಿಂಗಳು ಹಿಡಿಯಿತು. ಅಣ್ಣನ ಹೆಸರು ಆಧಾರ್‌ನಲ್ಲಿ ತಂದೆಯ ಹೆಸರಿನೊಂದಿಗೆ ಇತ್ತು, ಪ್ಯಾನ್ ಕಾರ್ಡಿನಲ್ಲಿ ಅಡ್ಡಹೆಸರಿನೊಂದಿಗೆ. ಎರಡೂ ಒಂದಾಗುವವರೆಗೆ ಅಂಚೆ ಕಚೇರಿಯಲ್ಲಿ ಅರ್ಜಿ ಮುಂದೆ ಹೋಗಲಿಲ್ಲ. ಒಂದು ಲಕ್ಷಕ್ಕಿಂತ ಹೆಚ್ಚಿನ ಮೊತ್ತವನ್ನು ಈ ಯೋಜನೆಗೆ ಚೆಕ್ಕಿನಲ್ಲೇ ಕಟ್ಟಬೇಕು, ಅಣ್ಣನ ಹತ್ತಿರ ಚೆಕ್ ಪುಸ್ತಕವೇ ಇರಲಿಲ್ಲ. ಇಂಥ ಕೆಲಸಕ್ಕೆ ಇಳಿಯುವವರು ಯೋಜನೆ ಹುಡುಕುವ ಮುಂಚೆ ಈ ಎರಡು ಕಾರ್ಡುಗಳನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ಈ ನಡುವೆ ಊರಿನಲ್ಲಿ ಸುದ್ದಿ ಹಬ್ಬಿತು. ಒಂದು ಸಂಜೆ ಪರಿಚಯದವರೊಬ್ಬರು ಬಂದು, ತಮ್ಮ ಪತ್ತಿನ ಸಹಕಾರ ಸಂಘದಲ್ಲಿ ನೂರಕ್ಕೆ ಹನ್ನೆರಡು ಕೊಡುತ್ತಾರೆ, ಅಂಚೆ ಕಚೇರಿಯ ಎಂಟು ಯಾಕೆ ಎಂದರು. ಅಣ್ಣ ನನಗೆ ಫೋನ್ ಮಾಡಿದ. ಠೇವಣಿ ವಿಮೆ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕುಗಳಿಗೆ ಇದೆ. ಪತ್ತಿನ ಸಂಘಗಳಿಗೆ, ಸೌಹಾರ್ದ ಸಂಘಗಳಿಗೆ ಇಲ್ಲ. ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ಎಲ್ಲರನ್ನೂ ಅನುಮಾನಿಸುವುದು ನನ್ನ ಸ್ವಭಾವವಲ್ಲ. ಆದರೆ ಸಂಘ ಕೊಟ್ಟ ಸಾಲ ಮರಳದಿದ್ದರೆ ಠೇವಣಿದಾರನ ಹಿಂದೆ ನಿಲ್ಲುವವರು ಯಾರೂ ಇರುವುದಿಲ್ಲ. ‘ನಿಮ್ಮಲ್ಲಿ ಠೇವಣಿ ವಿಮೆ ಇದೆಯೇ? ಇದ್ದರೆ ಬರೆದು ಕೊಡಿ’ ಎಂದು ಕೇಳು ಎಂದೆ. ಅವರು ಮತ್ತೆ ಬರಲಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು ಬೇರೆಯದು. ಐದು ಠೇವಣಿಗಳಲ್ಲಿ ಕೊನೆಯದನ್ನು ಇಡಲು ಅಣ್ಣ ಒಬ್ಬನೇ ಹೋಗಿದ್ದ. ಬ್ಯಾಂಕಿನ ಒಳಗೇ ಮೇಜು ಹಾಕಿಕೊಂಡಿದ್ದ ಹುಡುಗನೊಬ್ಬ, “ಇದು ಠೇವಣಿಯೇ, ಇದರಲ್ಲಿ ಹೆಚ್ಚು ಬರುತ್ತದೆ” ಎಂದು ಮೂರು ಕಡೆ ಸಹಿ ಹಾಕಿಸಿಕೊಂಡ. ಹತ್ತು ದಿನದಲ್ಲಿ ಮನೆಗೆ ದಪ್ಪ ಲಕೋಟೆ ಬಂತು. ಠೇವಣಿಯ ರಸೀದಿ ಒಂದು ಹಾಳೆ, ಇದು ಇಪ್ಪತ್ತಕ್ಕೂ ಹೆಚ್ಚು ಹಾಳೆ. ಮಗಳು ಫೋಟೊ ತೆಗೆದು ದುಬೈಯಲ್ಲಿರುವ ತನ್ನ ಅಣ್ಣನಿಗೆ ಕಳುಹಿಸಿದಳು, ಅವನು ಅಲ್ಲಿಂದ ನನಗೆ ಫೋನ್ ಮಾಡಿದ. ‘ವಾರ್ಷಿಕ ಪ್ರೀಮಿಯಂ 1,00,000’, ‘ಪ್ರೀಮಿಯಂ ಕಟ್ಟುವ ಅವಧಿ’, ‘ವಿಮಾ ಮೊತ್ತ’ ಎಂಬ ಪದಗಳು ಅದರಲ್ಲಿದ್ದವು. ಅದು ಜೀವ ವಿಮೆಯ ಪಾಲಿಸಿ, ವರ್ಷ ವರ್ಷ ಒಂದು ಲಕ್ಷ ಕಟ್ಟುತ್ತ ಹೋಗಬೇಕಿತ್ತು. ಗುರುತಿಸುವುದು ಕಷ್ಟವಲ್ಲ: ಠೇವಣಿಯ ಕಾಗದದಲ್ಲಿ ಬಡ್ಡಿದರ ಮತ್ತು ಮುಕ್ತಾಯದ ದಿನ, ಆ ದಿನ ಸಿಗುವ ಮೊತ್ತ ಇರುತ್ತದೆ, ಪ್ರೀಮಿಯಂ ಎಂಬ ಪದ ಎಲ್ಲಿಯೂ ಇರುವುದಿಲ್ಲ. ಅದೃಷ್ಟಕ್ಕೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕು ಇದೆ. ಮರುದಿನವೇ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆವು. ಸ್ಟಾಂಪ್ ಶುಲ್ಕ, ಅಷ್ಟು ದಿನದ ವಿಮೆಯ ಪಾಲು ಕಳೆದು ಉಳಿದ ಹಣ ಖಾತೆಗೆ ಬಂತು. ಓದಲು ಬರುವ ಮಗಳು ಮನೆಯಲ್ಲಿ ಇರದಿದ್ದರೆ ಆ ಲಕೋಟೆ ಟ್ರಂಕಿನೊಳಗೆ ಹೋಗಿ, ಮುಂದಿನ ವರ್ಷ ಎರಡನೆಯ ಲಕ್ಷ ಕೇಳಿದಾಗಲೇ ಗೊತ್ತಾಗುತ್ತಿತ್ತು.

ಮಗನ ಕಡೆಯೂ ಎರಡು ಕೆಲಸ ಇದ್ದವು. ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದ ಅವನ ಖಾತೆ ಇನ್ನೂ ಸಾಮಾನ್ಯ ಉಳಿತಾಯ ಖಾತೆಯಾಗಿಯೇ ಇತ್ತು. ಅನಿವಾಸಿಯಾದವನು ಅದನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ, ಭಾರತದಲ್ಲಿನ ಆದಾಯಕ್ಕೆಂದು ಅನಿವಾಸಿಗಳು ಇಟ್ಟುಕೊಳ್ಳುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿದ. ಮುಂದಿನ ದುಡಿಮೆಗೆ, ವಿದೇಶದ ಗಳಿಕೆಯನ್ನು ಇಲ್ಲಿ ಇಡಲು ಅನಿವಾಸಿಗಳಿಗೆ ಇರುವ ಎನ್‌ಆರ್‌ಇ ಖಾತೆ ತೆರೆದ. ಈಗ ಮನೆಖರ್ಚಿನ 20,000 ಮಾತ್ರ ಅಪ್ಪನಿಗೆ ಬರುತ್ತದೆ, ಉಳಿದ 20,000 ಅವನದೇ ಎನ್‌ಆರ್‌ಇ ಖಾತೆಗೆ ಹೋಗುತ್ತದೆ. ಅಲ್ಲಿನ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ಠೇವಣಿ ಒಂದು ವರ್ಷವಾದರೂ ಇರಬೇಕು, ಮುಂಚೆ ಮುರಿದರೆ ಬಡ್ಡಿಯೇ ಇಲ್ಲ. ಅದರಲ್ಲಿ ಅರ್ಧ ಠೇವಣಿಗೆ, ಅರ್ಧ ಮ್ಯೂಚುವಲ್ ಫಂಡಿಗೆ ಹಾಕುತ್ತಿದ್ದಾನೆ. ಅಪ್ಪನ ಹಣವನ್ನೂ ಸ್ವಲ್ಪ ಫಂಡಿಗೆ ಹಾಕೋಣವೇ ಎಂದು ಕೇಳಿದ್ದ. ನಾನು ಬೇಡವೆಂದೆ. ಮಾರುಕಟ್ಟೆ ಬಿದ್ದು ಮೂರು ವರ್ಷ ಏಳದಿದ್ದರೆ ಮೂವತ್ತರ ಹರೆಯದ ಅವನು ಕಾಯಬಲ್ಲ. ಒಮ್ಮೆ ಎತ್ತು ಮಾರಿದ ಅಣ್ಣ ಅಷ್ಟು ದಿನ ನಿದ್ದೆ ಮಾಡುವುದಿಲ್ಲ.

ಡಿಸೆಂಬರಿನಲ್ಲಿ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಕುಳಿತಾಗ ಅಣ್ಣ ಅಂಗಿಯ ಜೇಬಿನಿಂದ ಅಂಚೆ ಕಚೇರಿಯ ಪಾಸ್‌ಬುಕ್ ತೆಗೆದ. ಜುಲೈ ಮತ್ತು ಅಕ್ಟೋಬರ್ ಒಂದನೆಯ ತಾರೀಖಿನ ಬಡ್ಡಿ ಅಲ್ಲಿನ ಉಳಿತಾಯ ಖಾತೆಗೆ ಬಂದು ಹಾಗೆಯೇ ಕುಳಿತಿತ್ತು. “ಈ ಎಂಟು ಲಕ್ಷ ಐದು ವರ್ಷದ ಮೇಲೂ ಎಂಟೇ ಲಕ್ಷ ತಾನೇ? ಬಡ್ಡಿ ತಿಂದರೆ ಮತ್ತೆ ಅದೇ ಕಥೆ, ಕೂಡಿಟ್ಟರೂ ಈ ಖಾತೆಯಲ್ಲಿ ಅದೇ ಕಥೆ” ಎಂದ. ನಾನು ಹೇಳಬೇಕೆಂದುಕೊಂಡಿದ್ದ ಮಾತು ಅದು. ತಿಂಗಳಿಗೆ 5,000ದ ಆರ್‌ಡಿ ಮಾಡಿದರೆ ಮೂರು ತಿಂಗಳಿಗೆ 15,000, ಬರುವ 16,400ರಲ್ಲೇ ಅದು ನಡೆಯುತ್ತದೆ ಎಂದು ಲೆಕ್ಕ ತೋರಿಸಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ಆಳಂದಕ್ಕೆ ಹೊರಟ. ಈ ಸಲ ವೈನಿಯನ್ನೂ ಕರೆದುಕೊಂಡು ಹೋದ, ಅರ್ಜಿಯಲ್ಲಿ ಮೊದಲ ಹೆಸರು ಅವರದನ್ನೇ ಬರೆಸಿದ.